ಅಪೆಂಡಿಕ್ಸ್ ಸುತ್ತಲಿನ ಕೊಬ್ಬನ್ನು ನೋಡಿದಿರಾ?

(ಬೆಂಗಳೂರಿನ ಬಸವನಗುಡಿಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ರೇಡಿಯಾಲಜಿ ವೈದ್ಯೆಯೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ. ರೋಗಿಯ ಗುರುತು ಸಿಗದಂತೆ ಕೆಲವು ವಿವರ ಬದಲಿಸಲಾಗಿದೆ.)

ಹೊಟ್ಟೆನೋವಿಗೆ ಸ್ಕ್ಯಾನಿಂಗ್ ಮಾಡಿಸಿದವರ ಮನೆಯಲ್ಲಿ ಎಲ್ಲರೂ ಮೊದಲು ಹುಡುಕುವುದು ರಿಪೋರ್ಟಿನಲ್ಲಿರುವ ಒಂದು ಅಳತೆಯನ್ನು, ಅಪೆಂಡಿಕ್ಸ್ ಎಷ್ಟು ದಪ್ಪ ಇದೆ ಅನ್ನುವುದನ್ನು. "ಮೇಡಂ, ಆರು ಮಿಲಿಮೀಟರ್‌ಗಿಂತ ಜಾಸ್ತಿ ಇದ್ರೆ ಆಪರೇಷನ್ ಅಂತೆ, ನಮ್ಮ ಹುಡುಗಂದು ಏಳು ಇದೆ" ಅಂತ ಫೋನ್ ಬರುತ್ತದೆ. ಅಳತೆ ಬೇಕು, ಇಲ್ಲ ಅನ್ನುತ್ತಿಲ್ಲ. ಆದರೆ ಬರೀ ಅಳತೆ ನೋಡಿದರೆ ಎರಡು ಕಡೆಯಿಂದಲೂ ಮೋಸ ಹೋಗಬಹುದು. ಏನೂ ತೊಂದರೆ ಇಲ್ಲದ ಅಪೆಂಡಿಕ್ಸ್ ಏಳೆಂಟು ಮಿಲಿಮೀಟರ್ ಇರಬಹುದು. ಕಾಯಿಲೆ ಬಿದ್ದ ಅಪೆಂಡಿಕ್ಸ್‌ನ ಬುಡ ನಾಲ್ಕೈದೇ ಮಿಲಿಮೀಟರ್ ಇರಬಹುದು. ಇಂಥ ಕಡೆ ನಮ್ಮ ಕೈ ಹಿಡಿಯುವುದು ಅಪೆಂಡಿಕ್ಸ್‌ನ ಸುತ್ತ ಇರುವ ಕೊಬ್ಬು. ಇವತ್ತು ನಾನು ಮುಖ್ಯವಾಗಿ ಮಾತಾಡುವುದು ಆ ಕೊಬ್ಬಿನ ಬಗ್ಗೆ.

ಮೊದಲು ಒಳಗೆ ಏನಾಗುತ್ತದೆ ಅಂತ ನೋಡೋಣ. ಸಣ್ಣ ಕರುಳು ಬಂದು ದೊಡ್ಡ ಕರುಳಿಗೆ ಸೇರುವ ಜಾಗ ಹೊಟ್ಟೆಯ ಬಲಗಡೆ ಕೆಳಗಿದೆ. ಅಲ್ಲಿ ದೊಡ್ಡ ಕರುಳಿನ ಮೊದಲ ಭಾಗಕ್ಕೆ ಸೀಕಮ್ ಅನ್ನುತ್ತೇವೆ. ಅದರಿಂದ ಹೊರಡುವ, ಕೊನೆ ಮುಚ್ಚಿರುವ ಸಣ್ಣ ಕೊಳವೆಯೇ ಅಪೆಂಡಿಕ್ಸ್. ಸುಮಾರು ಎಂಟೊಂಬತ್ತು ಸೆಂಟಿಮೀಟರ್ ಉದ್ದ. ಗಟ್ಟಿಯಾದ ಮಲದ ಕಲ್ಲೋ, ಊದಿಕೊಂಡ ಒಳಪದರವೋ ಇದರ ದಾರಿಯನ್ನು ಕಟ್ಟಿದರೆ, ಒಳಗೆ ಒಸರುವ ಲೋಳೆಗೆ ಹೊರಗೆ ಹೋಗಲು ಜಾಗ ಇರುವುದಿಲ್ಲ. ಒತ್ತಡ ಏರುತ್ತದೆ. ಗೋಡೆಯೊಳಗಿನ ಸಣ್ಣ ರಕ್ತನಾಳಗಳು ಅಮುಕಿಹೋಗುತ್ತವೆ. ಒಳಗಿದ್ದ ಬ್ಯಾಕ್ಟೀರಿಯಾ ಗೋಡೆಗೆ ನುಗ್ಗುತ್ತವೆ.

ಈ ಹಂತದಲ್ಲಿ ನೋವು ಹೊಕ್ಕಳ ಸುತ್ತ ಇರುತ್ತದೆ. ಕರುಳಿನ ನರಗಳಿಗೆ ಜಾಗ ಸರಿಯಾಗಿ ತೋರಿಸಲು ಬರುವುದಿಲ್ಲ, ಅದಕ್ಕೇ. ಜನ ಇದನ್ನು ಗ್ಯಾಸ್ಟ್ರಿಕ್ ಅಂದುಕೊಳ್ಳುವುದೂ ಆಗಲೇ. ಉರಿಯೂತ ಗೋಡೆಯನ್ನು ದಾಟಿ ಹೊಟ್ಟೆಯ ಒಳಗೋಡೆಯ ಪೊರೆಗೆ ತಾಗಿದಾಗ ನೋವು ಬಲಗಡೆ ಕೆಳಗೆ ಇಳಿಯುತ್ತದೆ. ಆಗ ಬೆರಳಿಟ್ಟು ತೋರಿಸಬಹುದು. ಆ ಜಾಗವನ್ನು 1889ರಲ್ಲಿ ಅಮೆರಿಕದ ಸರ್ಜನ್ ಚಾರ್ಲ್ಸ್ ಮ್ಯಾಕ್‌ಬರ್ನಿ ವಿವರಿಸಿದ. ಸೊಂಟದ ಬಲ ಮೂಳೆಯ ಮುಂತುದಿಯಿಂದ ಹೊಕ್ಕಳಿಗೆ ಗೆರೆ ಎಳೆದರೆ, ಮೂಳೆಯ ಕಡೆಯಿಂದ ಮೂರನೇ ಒಂದು ಭಾಗದಲ್ಲಿ ಬರುತ್ತದೆ.

ಗೋಡೆ ದಾಟಿದ ಉರಿಯೂತ ಸುತ್ತಲಿನ ಕೊಬ್ಬಿಗೂ ಹಬ್ಬುತ್ತದೆ. ಅಪೆಂಡಿಕ್ಸ್‌ಗೆ ರಕ್ತನಾಳ ತಂದುಕೊಡುವ ಪೊರೆಯಲ್ಲಿ ಕೊಬ್ಬಿದೆ. ಕರುಳಿನ ಮುಂದೆ ಇಳಿಬಿದ್ದಿರುವ ಒಮೆಂಟಮ್ ಎಂಬ ಪದರವೂ ಕೊಬ್ಬೇ, ಅದು ಕಾಯಿಲೆಯ ಜಾಗಕ್ಕೆ ಸರಿದು ಬಂದು ಅಂಟಿಕೊಳ್ಳುತ್ತದೆ. ಈ ಕೊಬ್ಬಿನೊಳಗೆ ನೀರು ಸೇರುತ್ತದೆ, ರಕ್ತ ಹರಿಯುವುದು ಹೆಚ್ಚುತ್ತದೆ. ಅಲ್ಟ್ರಾಸೌಂಡ್, ಸಿಟಿ ಎಂಬ ನಮ್ಮ ಎರಡೂ ಯಂತ್ರಗಳಿಗೆ ಕಾಣುವುದು ಈ ಬದಲಾವಣೆಯೇ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಈಗ ಒಬ್ಬ ರೋಗಿಯ ವಿಷಯಕ್ಕೆ ಬರುತ್ತೇನೆ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಯುವಕ, ವಯಸ್ಸು 31, ಸ್ವಲ್ಪ ದಪ್ಪ ಮೈಕಟ್ಟು. ರಾತ್ರಿ ಊಟ ಆದಮೇಲೆ ಹೊಟ್ಟೆನೋವು ಶುರುವಾಗಿದೆ. ಮನೆಯಲ್ಲಿದ್ದ ಆಸಿಡಿಟಿ ಮಾತ್ರೆ ನುಂಗಿ ಮಲಗಿದ್ದಾನೆ. ಬೆಳಗಿನ ಜಾವ ಒಮ್ಮೆ ವಾಂತಿ ಆಗಿದೆ. ಹತ್ತು ಗಂಟೆಗೆ ನಮ್ಮ ಹತ್ತಿರ ಬಂದಾಗ ಸಣ್ಣ ಜ್ವರ ಇತ್ತು. ರಕ್ತದಲ್ಲಿ ಬಿಳಿ ಕಣಗಳು 14,000ಕ್ಕೆ ಏರಿದ್ದವು. "ರಾತ್ರಿ ಹೊಕ್ಕಳ ಹತ್ರ ಇತ್ತು ಮೇಡಂ, ಈಗ ಇಲ್ಲಿಗೆ ಬಂದಿದೆ" ಅಂತ ಬಲಗಡೆ ಕೈ ಇಟ್ಟ.

ಅವನ ಜೊತೆ ಬಂದಿದ್ದ ಅಣ್ಣ ಒಂದು ಪ್ರಶ್ನೆ ಕೇಳಿದರು: "ನೋವಿನ ಇಂಜೆಕ್ಷನ್ ಕೊಟ್ರೆ ಕಾಯಿಲೆ ಮುಚ್ಚಿಹೋಗಲ್ವಾ?" ಈ ಭಯ ತುಂಬಾ ಜನರಿಗಿದೆ, ಹಳೆಯ ಕಾಲದಲ್ಲಿ ವೈದ್ಯರಿಗೂ ಇತ್ತು. ಹಾಗೇನೂ ಆಗುವುದಿಲ್ಲ. ನೋವು ಕಡಿಮೆ ಮಾಡಿದರೆ ರೋಗಪತ್ತೆ ಕೆಡುವುದಿಲ್ಲ. ನನ್ನ ಅನುಭವದಲ್ಲಂತೂ ಸ್ಕ್ಯಾನ್ ಇನ್ನೂ ಚೆನ್ನಾಗಿ ಆಗುತ್ತದೆ, ಯಾಕೆಂದರೆ ರೋಗಿ ಹೊಟ್ಟೆ ಬಿಗಿ ಹಿಡಿಯುವುದಿಲ್ಲ. ಇಲ್ಲಿರುವ ನರ್ಸಿಂಗ್ ಮಕ್ಕಳು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ವೈದ್ಯರು ನೋವಿನ ಔಷಧ ಬರೆದಿದ್ದರೆ ಸ್ಕ್ಯಾನ್ ಮುಗಿಯಲಿ ಅಂತ ಕಾಯಿಸಬೇಡಿ.

ಅಲ್ಟ್ರಾಸೌಂಡ್‌ನಲ್ಲಿ ಅಪೆಂಡಿಕ್ಸ್ ನೋಡುವುದಕ್ಕೆ ಒಂದು ಪದ್ಧತಿ ಇದೆ. ನೆದರ್ಲೆಂಡ್ಸ್‌ನ ರೇಡಿಯಾಲಜಿಸ್ಟ್ ಜೂಲಿಯನ್ ಪೈಲಾರ್ಟ್ 1986ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಹೊಟ್ಟೆಯ ಮೇಲೆ ಇಡುವ ಪ್ರೋಬನ್ನು ನಿಧಾನವಾಗಿ, ರೋಗಿ ಉಸಿರು ಬಿಟ್ಟ ಹಾಗೆಲ್ಲ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಬೇಕು. ಗಡಿಬಿಡಿ ಮಾಡಿದರೆ ಹೊಟ್ಟೆ ಗಟ್ಟಿಯಾಗುತ್ತದೆ, ಆಮೇಲೆ ಏನೂ ಕಾಣುವುದಿಲ್ಲ. ನಿಧಾನಕ್ಕೆ ಒತ್ತಿದರೆ ಮಧ್ಯೆ ಇರುವ ಕರುಳು, ಅದರೊಳಗಿನ ಗಾಳಿ ಪಕ್ಕಕ್ಕೆ ಸರಿಯುತ್ತವೆ. ಗಾಳಿ ಇದ್ದರೆ ಶಬ್ದದ ಅಲೆ ಅದರ ಹಿಂದಕ್ಕೆ ಹೋಗುವುದೇ ಇಲ್ಲ.

ಎಷ್ಟು ಒತ್ತಿದರೆ ಸಾಕು? ಹಿಂದೆ ಸೊಂಟದ ಸೋಯಾಸ್ ಸ್ನಾಯು, ಅದರ ಪಕ್ಕದಲ್ಲಿ ಕಾಲಿಗೆ ಇಳಿಯುವ ದೊಡ್ಡ ರಕ್ತನಾಳಗಳು ಪರದೆಯ ಮೇಲೆ ಕಾಣಬೇಕು. ಅವು ಕಂಡವು ಅಂದರೆ ಒತ್ತಡ ಅಷ್ಟು ಆಳ ತಲುಪಿದೆ. ಕಾಣದಿದ್ದರೆ "ಅಪೆಂಡಿಕ್ಸ್ ಸರಿ ಇದೆ" ಅಂತ ಹೇಳುವ ಹಕ್ಕು ನಮಗೆ ಬರುವುದಿಲ್ಲ.

ನಾನು ಶುರುಮಾಡುವುದು ಮಾತ್ರ ಇನ್ನೊಂದು ರೀತಿ. "ಒಂದೇ ಬೆರಳಲ್ಲಿ ತೋರಿಸಿ, ಎಲ್ಲಿ ಜಾಸ್ತಿ ನೋವು?" ಅಂತ ಕೇಳುತ್ತೇನೆ. ಆ ಬೆರಳಿನ ಜಾಗದಲ್ಲೇ ಪ್ರೋಬ್ ಇಡುತ್ತೇನೆ. ಇದರಿಂದ ಎಷ್ಟೋ ಸಲ ಹುಡುಕಾಟ ಅರ್ಧಕ್ಕೇ ಮುಗಿಯುತ್ತದೆ.

ಕಾಯಿಲೆ ಬಿದ್ದ ಅಪೆಂಡಿಕ್ಸ್ ಹೇಗೆ ಕಾಣುತ್ತದೆ? ಅಡ್ಡಕ್ಕೆ ನೋಡಿದರೆ ಒಂದರೊಳಗೊಂದು ಉಂಗುರಗಳು. ನಡುವೆ ಕಪ್ಪಗೆ ದ್ರವ, ಅದರ ಸುತ್ತ ಬಿಳಿ ಪದರ, ಅದರ ಹೊರಗೆ ಮತ್ತೆ ಕಪ್ಪು ಪದರ. ಉದ್ದಕ್ಕೆ ತಿರುಗಿಸಿದರೆ ಒಂದು ಕಡೆ ಮುಚ್ಚಿದ ಕೊಳವೆ. ಉಳಿದ ಕರುಳು ಅಲ್ಲಾಡುತ್ತಾ ಇರುತ್ತದೆ, ಇದು ಅಲ್ಲಾಡುವುದಿಲ್ಲ. ಒತ್ತಿದರೆ ಸರಿಯಾಗಿರುವ ಅಪೆಂಡಿಕ್ಸ್ ಚಪ್ಪಟೆಯಾಗುತ್ತದೆ, ಊದಿದ್ದು ದುಂಡಗೇ ಇರುತ್ತದೆ. ಹೊರಗಿನ ಅಂಚಿನಿಂದ ಹೊರಗಿನ ಅಂಚಿಗೆ 6 ಮಿ.ಮೀ. ದಾಟಿದರೆ ಅನುಮಾನ ಶುರು. ಒಳಗೆ ಕಲ್ಲು ಇದ್ದರೆ ಬೆಳ್ಳಗೆ ಹೊಳೆದು ಹಿಂದೆ ಕಪ್ಪು ನೆರಳು ಬೀಳುತ್ತದೆ.

ನಮ್ಮ ಯುವಕನ ಪರದೆಯಲ್ಲಿ ಇದ್ಯಾವುದೂ ಇರಲಿಲ್ಲ! ಸೀಕಮ್‌ನಿಂದ ಅಪೆಂಡಿಕ್ಸ್ ಹೊರಡುವುದು ಕಂಡಿತು. ಅಳೆದರೆ 5 ಮಿ.ಮೀ. ಒತ್ತಿದರೆ ಚಪ್ಪಟೆ ಆಯಿತು. ಸುಮಾರು ಮೂರು ಸೆಂಟಿಮೀಟರ್ ಹಿಂಬಾಲಿಸಿದೆ, ಎಲ್ಲಾ ಸರಿಯಾಗಿತ್ತು. ಅಲ್ಲಿಂದ ಮುಂದೆ ಅದು ಸೀಕಮ್‌ನ ಹಿಂದಕ್ಕೆ ತಿರುಗಿಕೊಂಡಿತ್ತು. ಸೀಕಮ್ ತುಂಬ ಗಾಳಿ. ತುದಿ ಕಾಣಲೇ ಇಲ್ಲ. ಅಪೆಂಡಿಕ್ಸ್ ಸೀಕಮ್‌ನ ಹಿಂದೆ ಅಡಗಿರುವುದು ಅಪರೂಪವೇನಲ್ಲ, ತುಂಬಾ ಜನರಲ್ಲಿ ಅದು ಇರುವ ಜಾಗವೇ ಅದು.

ಇಲ್ಲಿ ನಿಲ್ಲಿಸಿದ್ದರೆ ರಿಪೋರ್ಟ್ "ಅಪೆಂಡಿಕ್ಸ್ ನಾರ್ಮಲ್, 5 ಮಿ.ಮೀ." ಅಂತ ಹೋಗುತ್ತಿತ್ತು. ಅಳತೆ ಸರಿ, ತೀರ್ಮಾನ ತಪ್ಪು. ಅವನ ಬೆರಳು ತೋರಿಸಿದ್ದ ಜಾಗ ಇನ್ನೂ ಸ್ವಲ್ಪ ಹೊರಗೆ, ಪಕ್ಕೆಯ ಕಡೆಗಿತ್ತು. ಅವನನ್ನು ಎಡಮಗ್ಗುಲಿಗೆ ತಿರುಗಿಸಿ, ಪ್ರೋಬನ್ನು ಬಲ ಪಕ್ಕೆಯಿಂದ ಇಟ್ಟು ನೋಡಿದೆ. ಅಲ್ಲಿ ಸೀಕಮ್‌ನ ಹಿಂದೆ ಒಂದು ತುಂಡು ಕೊಬ್ಬು ಬೇರೆ ಕೊಬ್ಬಿಗಿಂತ ಬೆಳ್ಳಗಿತ್ತು. ಅಂಚು ಮಸುಕು. ಒತ್ತಿದರೆ ಸಾಮಾನ್ಯ ಕೊಬ್ಬು ಪ್ರೋಬಿನ ಕೆಳಗೆ ಬಗ್ಗುತ್ತದೆ, ಆಚೀಚೆ ಜಾರುತ್ತದೆ. ಇದು ಬಗ್ಗಲಿಲ್ಲ, ಗಟ್ಟಿಯಾಗಿ ಒಟ್ಟಿಗೇ ಸರಿಯಿತು. ಒತ್ತಿದಾಗ ಅವನ ಮುಖ ಕಿವುಚಿಕೊಂಡಿತು. ಎಡಗಡೆ ಅದೇ ಜಾಗಕ್ಕೆ ಪ್ರೋಬ್ ಇಟ್ಟು ಹೋಲಿಸಿದೆ. ಅಲ್ಲಿನ ಕೊಬ್ಬು ಬೂದು ಬಣ್ಣಕ್ಕಿತ್ತು, ಮೆತ್ತಗೆ ಬಗ್ಗಿತು.

ಊದಿದ ಕೊಬ್ಬು ಯಾಕೆ ಬೆಳ್ಳಗೆ ಕಾಣುತ್ತದೆ? ಕೊಬ್ಬಿನ ಸಣ್ಣ ಸಣ್ಣ ಉಂಡೆಗಳ ಮಧ್ಯೆ ನೀರು ಸೇರಿಕೊಂಡಾಗ ಕೊಬ್ಬು ಮತ್ತು ನೀರು ಮುಟ್ಟುವ ಲೆಕ್ಕವಿಲ್ಲದಷ್ಟು ಅಂಚುಗಳು ಹುಟ್ಟುತ್ತವೆ. ಪ್ರತಿ ಅಂಚಿನಿಂದಲೂ ಸ್ವಲ್ಪ ಶಬ್ದ ವಾಪಸ್ ಬರುತ್ತದೆ. ವಾಪಸ್ ಬರುವ ಶಬ್ದ ಜಾಸ್ತಿ ಆದಷ್ಟೂ ಪರದೆಯಲ್ಲಿ ಬಿಳುಪು ಜಾಸ್ತಿ.

ಹಾಗಾಗಿ ನಾನು ಬರೆದ ರಿಪೋರ್ಟ್ ಹೀಗಿತ್ತು: ಬುಡ ಸರಿಯಾಗಿದೆ, ತುದಿ ಕಂಡಿಲ್ಲ, ಸೀಕಮ್‌ನ ಹಿಂದೆ ಉರಿಯೂತ ಆಗಿರುವ ಕೊಬ್ಬು ಇದೆ, ಸಿಟಿ ಮಾಡಿ. ಈ "ತುದಿ ಕಂಡಿಲ್ಲ" ಅನ್ನುವ ಮಾತು ರಿಪೋರ್ಟಿನಲ್ಲಿದ್ದರೆ ಜನರಿಗೆ ಬೇಜಾರಾಗುತ್ತದೆ. "ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿದ್ವಿ, ಕಾಣ್ಲಿಲ್ಲ ಅಂತ ಬರ್ದಿದಾರೆ" ಅನ್ನುತ್ತಾರೆ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ಆ ಮಾತು ನಿಮ್ಮ ಸರ್ಜನ್‌ಗೆ ತುಂಬಾ ಬೆಲೆಯದ್ದು. ಉರಿಯೂತ ತುದಿಯಲ್ಲಿ ಮಾತ್ರ ಇರಬಹುದು. ಬುಡದಿಂದ ತುದಿಯವರೆಗೆ ನೋಡದೆ ಇಲ್ಲ ಅನ್ನಲು ಆಗುವುದಿಲ್ಲ.

ಈಗ ಸಿಟಿ. ಇದು ಎಕ್ಸ್-ರೇ ಕಿರಣದಿಂದ ಮಾಡುವ ಪರೀಕ್ಷೆ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ, ಸಿಟಿ ಕಂಡುಹಿಡಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಹೆಸರಿನ ಅಳತೆ ಅದು. ನೀರು ಸೊನ್ನೆ. ಗಾಳಿ ಮೈನಸ್ 1000. ಕೊಬ್ಬು ಮೈನಸ್ 100ರ ಆಸುಪಾಸು. ಸ್ನಾಯು ಪ್ಲಸ್ 50ರ ಹತ್ತಿರ. ಹಾಗಾಗಿ ಹೊಟ್ಟೆಯ ಸಿಟಿಯಲ್ಲಿ ಆರೋಗ್ಯವಾಗಿರುವ ಕೊಬ್ಬು ಸಮನಾದ ಕಪ್ಪು ಬಣ್ಣಕ್ಕೆ ಕಾಣುತ್ತದೆ. ಅದರ ಮಧ್ಯೆ ಕರುಳು, ರಕ್ತನಾಳಗಳು ಬೂದು ಬಣ್ಣದಲ್ಲಿ ಬಿಡಿಬಿಡಿಯಾಗಿ ಎದ್ದು ಕಾಣುತ್ತವೆ.

ಆ ಕೊಬ್ಬಿಗೆ ನೀರು ಸೇರಿದರೆ? ಮೈನಸ್ 100 ಇದ್ದ ಜಾಗದ ಸಂಖ್ಯೆ ಸೊನ್ನೆಯ ಕಡೆಗೆ ಏರುತ್ತದೆ. ಕಪ್ಪು ಇದ್ದದ್ದು ಬೂದಿಗೆ ತಿರುಗುತ್ತದೆ. ಆದರೆ ಎಲ್ಲಾ ಕಡೆ ಒಂದೇ ಸಮ ತಿರುಗುವುದಿಲ್ಲ, ಕೊಬ್ಬಿನ ಉಂಡೆಗಳ ಮಧ್ಯದ ಪದರಗಳಲ್ಲೇ ನೀರು ಹರಿದಾಡುತ್ತದೆ. ಕಾಫಿ ಡಿಕಾಕ್ಷನ್‌ಗೆ ಒಂದು ಚಮಚ ಹಾಲು ಬಿಟ್ಟು ಕಲಕದೆ ನೋಡಿ. ಕಪ್ಪಿನ ಮಧ್ಯೆ ಎಳೆ ಎಳೆಯಾಗಿ ಹರಡುತ್ತದಲ್ಲ, ಸಿಟಿಯಲ್ಲಿ ಹೆಚ್ಚೂಕಡಿಮೆ ಹಾಗೇ ಕಾಣುತ್ತದೆ. ರಿಪೋರ್ಟಿನಲ್ಲಿ ಇದನ್ನು "ಫ್ಯಾಟ್ ಸ್ಟ್ರಾಂಡಿಂಗ್" ಅಂತ ಬರೆಯುತ್ತೇವೆ.

ನಮ್ಮ ಯುವಕನಿಗೆ ಕಿಡ್ನಿಯ ಕ್ರಿಯೇಟಿನಿನ್ ನೋಡಿ, ಅಲರ್ಜಿ ವಿಚಾರಿಸಿ, ರಕ್ತನಾಳದ ಮೂಲಕ ಅಯೋಡಿನ್ ಇರುವ ಕಾಂಟ್ರಾಸ್ಟ್ ಔಷಧ ಕೊಟ್ಟೆವು. ಕೊಟ್ಟು ಸುಮಾರು 70 ಸೆಕೆಂಡ್ ಆದಮೇಲೆ ಚಿತ್ರ ತೆಗೆದೆವು. ಅಷ್ಟು ಹೊತ್ತಿಗೆ ಕರುಳಿನ ಗೋಡೆಗೆ ಔಷಧ ಚೆನ್ನಾಗಿ ತಲುಪಿರುತ್ತದೆ.

ಚಿತ್ರ ಓದುವಾಗ ನಾನು ಸೀಕಮ್‌ನಿಂದ ಶುರುಮಾಡಿ ಒಂದೊಂದೇ ಪದರ ಜರುಗಿಸುತ್ತಾ ಹೋಗುತ್ತೇನೆ. ಅಪೆಂಡಿಕ್ಸ್‌ನ ಬುಡ ಸಿಕ್ಕಿತು. ತೆಳ್ಳಗಿತ್ತು, ಒಳಗೆ ಒಂದು ಹನಿ ಗಾಳಿಯೂ ಇತ್ತು, ಸುತ್ತಲಿನ ಕೊಬ್ಬು ಶುದ್ಧ ಕಪ್ಪು. ಅಲ್ಟ್ರಾಸೌಂಡ್ ಸುಳ್ಳು ಹೇಳಿರಲಿಲ್ಲ. ಕೊಳವೆ ಹಿಂದಕ್ಕೆ ತಿರುಗಿ ಮೇಲಕ್ಕೆ ಏರಿತು. ನಡುಭಾಗದಲ್ಲಿ ಒಂದು ಬೆಳ್ಳಗಿನ ಕಲ್ಲು, 6 ಮಿ.ಮೀ. ಅದರಿಂದ ಆಚೆಗೆ ಕೊಳವೆ ಒಮ್ಮೆಲೇ 11 ಮಿ.ಮೀ.ಗೆ ಊದಿತ್ತು. ಒಳಗೆ ದ್ರವ. ಗೋಡೆ ದಪ್ಪ, ಕಾಂಟ್ರಾಸ್ಟ್ ಹೀರಿ ಹೊಳೆಯುತ್ತಿತ್ತು. ಕಲ್ಲು ಇದ್ದ ಜಾಗದಿಂದ ತುದಿಯವರೆಗೆ ಸುತ್ತಲೂ ಬೂದು ಎಳೆಗಳು. ತುದಿಯ ಹತ್ತಿರ ಎಳೆಗಳು ದಟ್ಟವಾಗಿ, ಹಿಂದಿನ ಪೊರೆಯೂ ದಪ್ಪಗಾಗಿತ್ತು. ಕೀವಿನ ಗಡ್ಡೆ ಇರಲಿಲ್ಲ. ಕೊಳವೆಯ ಹೊರಗೆ ಗಾಳಿಯ ಗುಳ್ಳೆ ಇರಲಿಲ್ಲ. ಗೋಡೆ ಎಲ್ಲೂ ಕಿತ್ತುಹೋಗಿರಲಿಲ್ಲ. ಅಂದರೆ ಇನ್ನೂ ಒಡೆದಿಲ್ಲ.

ಅವತ್ತು ಸಂಜೆಯೇ ಲ್ಯಾಪ್ರೋಸ್ಕೋಪಿಯಲ್ಲಿ ತೆಗೆದರು. ತುದಿ ಸೀಕಮ್‌ನ ಹಿಂದೆ ಅಂಟಿಕೊಂಡಿತ್ತು ಅಂತ ಸರ್ಜನ್ ಹೇಳಿದರು. ಬಯಾಪ್ಸಿಯಲ್ಲೂ ತೀವ್ರ ಅಪೆಂಡಿಸೈಟಿಸ್ ಅಂತಲೇ ಬಂತು.

ಇದಕ್ಕೆ ತದ್ವಿರುದ್ಧದ ಸನ್ನಿವೇಶವನ್ನೂ ಹೇಳಬೇಕು. ಬೇರೆ ಕಾರಣಕ್ಕೆ ಮಾಡಿದ ಸಿಟಿಯಲ್ಲಿ ಅಪೆಂಡಿಕ್ಸ್ 8 ಮಿ.ಮೀ. ಇರುತ್ತದೆ. ಒಳಗೆ ಗಾಳಿ ಇದೆ, ಗೋಡೆ ತೆಳ್ಳಗಿದೆ, ಸುತ್ತಲಿನ ಕೊಬ್ಬು ಕಪ್ಪಗೆ ಶುಭ್ರವಾಗಿದೆ. ರೋಗಿಗೆ ಆ ಜಾಗದಲ್ಲಿ ನೋವೇ ಇಲ್ಲ. ಅದು ಆ ಮನುಷ್ಯನ ಸಹಜ ಅಪೆಂಡಿಕ್ಸ್ ಅಷ್ಟೇ. ಆರು ಮಿಲಿಮೀಟರ್ ಅನ್ನುವ ಮಿತಿ ಬಂದದ್ದು ಪ್ರೋಬಿನಿಂದ ಒತ್ತಿ ಅಳೆಯುವ ಅಲ್ಟ್ರಾಸೌಂಡ್‌ನಿಂದ. ಸಿಟಿಯಲ್ಲಿ ಯಾರೂ ಒತ್ತುವುದಿಲ್ಲ, ಒಳಗಿನ ಗಾಳಿಯೂ ಸೇರಿ ಅಳತೆ ಬರುತ್ತದೆ. ಹತ್ತರವರೆಗೂ ಸಹಜ ಅಪೆಂಡಿಕ್ಸ್‌ಗಳು ಸಿಗುತ್ತವೆ.

ಹಾಗಂತ ಕೊಬ್ಬಿನ ಮೇಲೆ ಕಣ್ಣುಮುಚ್ಚಿ ನಂಬಿಕೆ ಇಡುವಂತಿಲ್ಲ. ಮೊದಲ ಕೆಲವು ಗಂಟೆಗಳಲ್ಲಿ ಉರಿಯೂತ ಗೋಡೆಯೊಳಗೇ ಇರಬಹುದು, ಕೊಬ್ಬು ಇನ್ನೂ ಶುಭ್ರವಾಗಿರಬಹುದು. ನೋವು ಮುಂದುವರಿದರೆ ಮತ್ತೆ ಪರೀಕ್ಷೆ ಮಾಡಬೇಕು, ಬೇಕಾದರೆ ಮತ್ತೆ ಸ್ಕ್ಯಾನ್ ಮಾಡಬೇಕು. ಇನ್ನು ತುಂಬಾ ತೆಳ್ಳಗಿರುವವರು, ಸಣ್ಣ ಮಕ್ಕಳು. ಅವರ ಹೊಟ್ಟೆಯಲ್ಲಿ ಕೊಬ್ಬೇ ಕಡಿಮೆ. ಕರುಳುಗಳು ಒಂದಕ್ಕೊಂದು ಅಂಟಿದ ಹಾಗಿರುತ್ತವೆ, ಸಿಟಿಯಲ್ಲಿ ಎಳೆ ಕಾಣಲು ಕಪ್ಪು ಹಿನ್ನೆಲೆಯೇ ಇಲ್ಲ. ಅಂಥವರಲ್ಲಿ ಅಲ್ಟ್ರಾಸೌಂಡ್ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಪ್ರೋಬಿನಿಂದ ಅಪೆಂಡಿಕ್ಸ್‌ಗೆ ದೂರ ಕಡಿಮೆ. ದಪ್ಪ ಇರುವವರಲ್ಲಿ ಇದು ಉಲ್ಟಾ. ಅಲ್ಟ್ರಾಸೌಂಡ್ ಒದ್ದಾಡುತ್ತದೆ, ಸಿಟಿ ಸ್ಪಷ್ಟವಾಗಿರುತ್ತದೆ.

ಎಳೆ ಕಂಡ ಮಾತ್ರಕ್ಕೆ ಅಪೆಂಡಿಕ್ಸ್ ಅಂತಲೂ ಹೇಳಲಾಗದು. ಎಳೆಗಳು ಎಲ್ಲಿ ಅತಿ ದಟ್ಟವಾಗಿವೆ, ಅದರ ನಡುವೆ ಏನಿದೆ ಅಂತ ಹುಡುಕಬೇಕು. ನಮ್ಮ ದೇಶದಲ್ಲಿ ಕರುಳಿನ ಟಿಬಿ ಇದೇ ಜಾಗದಲ್ಲಿ ಬರುತ್ತದೆ. ಅಲ್ಲಿ ಸಣ್ಣ ಕರುಳಿನ ಕೊನೆಯ ಭಾಗ ಮತ್ತು ಸೀಕಮ್‌ನ ಗೋಡೆಯೇ ದಪ್ಪಗಾಗಿರುತ್ತದೆ. ಪಕ್ಕದಲ್ಲಿ ನಡುಭಾಗ ಕೊಳೆತ ಲಿಂಫ್ ಗಂಟುಗಳಿರಬಹುದು. ವಾರಗಟ್ಟಲೆ ಜ್ವರ, ತೂಕ ಇಳಿದ ಕಥೆಯೂ ಇರುತ್ತದೆ. ಇನ್ನೊಂದು, ದೊಡ್ಡ ಕರುಳಿನ ಹೊರಗೆ ಜೋತುಬಿದ್ದಿರುವ ಪುಟ್ಟ ಕೊಬ್ಬಿನ ತುಣುಕು ತಿರುಚಿಕೊಳ್ಳುವುದು. ಅದೂ ಬಲಗಡೆ ಆದರೆ ಥೇಟ್ ಅಪೆಂಡಿಕ್ಸ್ ನೋವೇ. ಸಿಟಿಯಲ್ಲಿ ಎಳೆಗಳ ನಡುವೆ ಕೊಳವೆ ಇರುವುದಿಲ್ಲ. ಬೂದು ಅಂಚು ಇರುವ ಒಂದು ಮೊಟ್ಟೆಯಾಕಾರದ ಕೊಬ್ಬು ಇರುತ್ತದೆ, ಅಪೆಂಡಿಕ್ಸ್ ಬೇರೆ ಕಡೆ ಆರಾಮಾಗಿರುತ್ತದೆ. ಇದಕ್ಕೆ ಆಪರೇಷನ್ ಬೇಡ. ನೋವಿನ ಮಾತ್ರೆಯಲ್ಲಿ ತಾನಾಗಿಯೇ ವಾಸಿಯಾಗುತ್ತದೆ. ಹೆಣ್ಣುಮಕ್ಕಳಲ್ಲಿ ಅಂಡಾಶಯವನ್ನು ನೋಡದೆ ಸ್ಕ್ಯಾನ್ ಮುಗಿಸಲೇಬಾರದು.

ಒಡೆದ ಅಪೆಂಡಿಕ್ಸ್ ಬಗ್ಗೆ ಒಂದು ಮಾತು. ಒಡೆದಾಗ ಒಳಗಿನ ಒತ್ತಡ ಇಳಿದು ನೋವು ಸ್ವಲ್ಪ ಹೊತ್ತು ಕಡಿಮೆ ಆದ ಹಾಗೆ ಅನ್ನಿಸಬಹುದು. ಮನೆಯವರು "ವಾಸಿ ಆಯ್ತು" ಅಂತ ವಾಪಸ್ ಕರೆದುಕೊಂಡು ಹೋಗುವ ಅಪಾಯ ಇರುವುದು ಆಗಲೇ. ಸ್ಕ್ಯಾನ್‌ನಲ್ಲೂ ಕೊಳವೆ ಕುಗ್ಗಿರಬಹುದು, ಹುಡುಕಿದರೂ ಸರಿಯಾಗಿ ಸಿಗದೇ ಇರಬಹುದು. ಸುತ್ತಲಿನ ಕೊಬ್ಬು ಮಾತ್ರ ಮೊದಲಿಗಿಂತ ಹೆಚ್ಚು ಕೆಟ್ಟಿರುತ್ತದೆ, ನಡುವೆ ದ್ರವ ನಿಂತಿರುತ್ತದೆ. ಇಲ್ಲಿ ಅಳತೆ ನಂಬಿದವರು ಕೆಡುತ್ತಾರೆ.

ಆಪರೇಷನ್ ಇಲ್ಲದೆ ವಾಸಿ ಮಾಡಬಹುದಾ, ಕಲ್ಲು ಇದ್ದರೆ ಏನು ಅಂತ ನೀವು ಪ್ರಶ್ನೆ ಕೇಳಿದಿರಿ. ಹೌದು, ಆಪರೇಷನ್ ಇಲ್ಲದೆ ಆಂಟಿಬಯಾಟಿಕ್ ಕೊಟ್ಟು ನೋಡುವ ದಾರಿ ಈಗ ಇದೆ. ಅಮೆರಿಕದ ಕೋಡಾ ಎಂಬ ದೊಡ್ಡ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಂಟಿಬಯಾಟಿಕ್ ಪಡೆದವರಲ್ಲಿ 90 ದಿನದೊಳಗೆ 100ಕ್ಕೆ 29 ಜನ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಕಲ್ಲು ಇದ್ದವರಲ್ಲಿ ಅದು 41. ತೊಡಕುಗಳೂ ಅವರಲ್ಲೇ ಹೆಚ್ಚು. ಅದಕ್ಕೇ ಸರ್ಜನ್ ನಮಗೆ ಫೋನ್ ಮಾಡಿ "ಕಲ್ಲು ಇದೆಯಾ?" ಅಂತ ವಿಶೇಷವಾಗಿ ಕೇಳುವುದು. ನಮ್ಮ ಯುವಕನಿಗೂ ಎರಡು ದಾರಿಯನ್ನೂ ಹೇಳಿದ್ದರು. ಕಲ್ಲು ಇದೆ ಅಂತ ಗೊತ್ತಾದಮೇಲೆ ಅವನೇ ಆಪರೇಷನ್ ಆರಿಸಿಕೊಂಡ.

ಹಿಂದಿನ ಸಾಲಿನಿಂದ ಒಬ್ಬರು ಗರ್ಭಿಣಿಯರ ಬಗ್ಗೆ ಕೇಳಿದ್ದಾರೆ. ಅವರಿಗೂ ಮೊದಲು ಅಲ್ಟ್ರಾಸೌಂಡೇ. ಅದರಲ್ಲಿ ತೀರ್ಮಾನ ಆಗದಿದ್ದರೆ ಕಾಂಟ್ರಾಸ್ಟ್ ಇಲ್ಲದ ಎಂಆರ್‌ಐ. ಎಂಆರ್‌ಐನಲ್ಲಿ ಕೊಬ್ಬಿನ ಬಿಳುಪನ್ನು ಅಡಗಿಸಿ ಚಿತ್ರ ತೆಗೆಯುವ ವಿಧಾನ ಇದೆ. ಆಗ ಕೊಬ್ಬು ಕಪ್ಪಗಾಗಿ ಅದರೊಳಗಿನ ನೀರು ಮಾತ್ರ ಬೆಳ್ಳಗೆ ಕಾಣುತ್ತದೆ. ಗರ್ಭ ಬೆಳೆದ ಹಾಗೆ ಅಪೆಂಡಿಕ್ಸ್ ಮೇಲಕ್ಕೆ ಸರಿಯಬಹುದು, ಹಾಗಾಗಿ ನೋವು ಹೊಕ್ಕಳ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದರೂ ಅಪೆಂಡಿಕ್ಸ್ ಅಲ್ಲ ಅಂದುಕೊಳ್ಳಬಾರದು. ಎಂಆರ್‌ಐ ಸೌಲಭ್ಯ ಇಲ್ಲದ ಕಡೆ, ತಾಯಿಯ ಸ್ಥಿತಿ ಗಂಭೀರವಾಗಿದ್ದರೆ, ಸಿಟಿಯನ್ನೂ ಮಾಡಬಹುದು. ಹೊಟ್ಟೆಯ ಒಂದು ಸಿಟಿಯಿಂದ ಮಗುವಿಗೆ ಆಗಬಹುದಾದ ಅಪಾಯಕ್ಕಿಂತ ಅಪೆಂಡಿಕ್ಸ್ ಒಡೆದರೆ ಆಗುವ ಅಪಾಯ ಬಹಳ ದೊಡ್ಡದು.